ವಾಚಿನ ನಿದ್ದೆ, ಎದೆಬಡಿತದ ಲೆಕ್ಕ ಡಾಕ್ಟರ ಮೇಜಿಗೆ: ಒಂದೇ ಹಾಳೆಯಲ್ಲಿ ಏನಿರಬೇಕು?

ಬದಿಯಡ್ಕದ ಹತ್ತಿರ ತೋಟ ಮಾಡಿಕೊಂಡಿರುವ ನನ್ನ ಸೋದರಮಾವನಿಗೆ ಈಗ 58. ಕಳೆದ ಮಳೆಗಾಲದ ನಂತರ ಆಗೊಮ್ಮೆ ಈಗೊಮ್ಮೆ ನಡುರಾತ್ರಿ ಎದೆ ಡವಡವ ಹೊಡೆದುಕೊಂಡು ಎಚ್ಚರವಾಗುವುದು ಶುರುವಾಯಿತು. ಜನವರಿಯ ಮೊದಲ ವಾರ ತಲಪಾಡಿ ದಾಟಿ ಮಂಗಳೂರಿನ ಒಬ್ಬ ಹೃದಯತಜ್ಞರಿಗೆ ತೋರಿಸಿದೆವು. ಅಲ್ಲಿ ತೆಗೆದ ಇಸಿಜಿಯಲ್ಲಿ ಏನೂ ಕಾಣಲಿಲ್ಲ. ಕಾಣುವುದಾದರೂ ಹೇಗೆ, ಹಗಲು ಹನ್ನೊಂದು ಗಂಟೆಗೆ ಮಾವನ ಎದೆ ಸರಿಯಾಗಿಯೇ ಇತ್ತು. ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ದಿನಕ್ಕೊಮ್ಮೆ ಹೀಗಾಗ್ತದೆ? ಆದಾಗ ಎಷ್ಟು ಹೊತ್ತು ಇರ್ತದೆ?

"ಕೆಲವು ಸಲ ಬರ್ತದೆ, ಸ್ವಲ್ಪ ಹೊತ್ತು ಇರ್ತದೆ" ಅಂದ ಮಾವ, ಕೈಯಲ್ಲಿದ್ದ ವಾಚು ನೆನಪಾಗಿ ಫೋನನ್ನು ಮುಂದೆ ಹಿಡಿದ. ಡಾಕ್ಟರು ಎರಡು ಸಲ ಬೆರಳಾಡಿಸಿ ಬಣ್ಣಬಣ್ಣದ ಗೆರೆಗಳನ್ನು ನೋಡಿ ಫೋನು ವಾಪಸು ಕೊಟ್ಟರು. "ನಾಲ್ಕು ವಾರದ್ದು ಒಂದು ಕಾಗದದಲ್ಲಿ ಬರೆದು ತನ್ನಿ. ಇದರಲ್ಲಿ ನನಗೆ ಹುಡುಕ್ಲಿಕ್ಕೆ ಆಗುವುದಿಲ್ಲ."

ಕಾಸರಗೋಡಿನ ಕಡೆ ಇಂಥ ವಾಚು ಈಗ ಮನೆಗೊಂದು ಉಂಟು. ಗಲ್ಫಿನಲ್ಲಿರುವ ಮಕ್ಕಳು ಊರಿಗೆ ಬರುವಾಗ ಅಪ್ಪನ ಕೈಗೆ ಕಟ್ಟಿ ಹೋಗಿರುತ್ತಾರೆ. ಅದರೊಳಗಿನ ಲೆಕ್ಕವನ್ನು ಹೊರತೆಗೆದು ಡಾಕ್ಟರು ಎರಡು ನಿಮಿಷದಲ್ಲಿ ಓದುವಂಥ ಹಾಳೆ ಮಾಡುವುದು ಹೇಗೆ ಎಂಬುದನ್ನು ಮಾವನ ಆ 28 ರಾತ್ರಿಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ಎದೆನೋವು, ಉಸಿರುಗಟ್ಟುವುದು, ತಲೆ ತಿರುಗಿ ಬೀಳುವುದು, ಮುಖ ಅಥವಾ ಕೈಕಾಲಿನ ಒಂದು ಪಕ್ಕ ಸೋಲುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಹಾಳೆಯೂ ಬೇಡ, ಲೆಕ್ಕವೂ ಬೇಡ. 108ಕ್ಕೆ ಫೋನು ಮಾಡಿ ಹೊರಡಬೇಕು. ಮುಂದೆ ಬರುವುದೆಲ್ಲ ನಾಲ್ಕು ವಾರ ಕಾಯಬಹುದು ಎಂದು ಡಾಕ್ಟರೇ ಹೇಳಿದವರಿಗೆ.

## ವಾಚು ನೋಡುವುದು ಹೃದಯವನ್ನಲ್ಲ, ನಾಡಿಯನ್ನು

ವಾಚಿನ ಅಡಿಯಲ್ಲಿ ಹಸಿರು ದೀಪ ಮಿನುಗುವುದನ್ನು ನೀವು ನೋಡಿರಬಹುದು. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಹಿಂಡಿದಾಗ ಮಣಿಕಟ್ಟಿಗೆ ತುಸು ಹೆಚ್ಚು ರಕ್ತ ಬರುತ್ತದೆ, ವಾಚಿಗೆ ಮರಳುವ ಬೆಳಕು ತುಸು ಕಡಿಮೆಯಾಗುತ್ತದೆ. ಈ ಏರಿಳಿತವನ್ನು ಎಣಿಸಿ ನಿಮಿಷಕ್ಕೆ ಇಷ್ಟು ಎಂದು ವಾಚು ಬರೆದುಕೊಳ್ಳುತ್ತದೆ. ಹಿಂದಿನ ಪಂಡಿತರು ಬೆರಳಿಟ್ಟು ಮಾಡುತ್ತಿದ್ದುದನ್ನು ಇದು ಬೆಳಕಿಟ್ಟು ಮಾಡುತ್ತದೆ, ಅಷ್ಟೆ.

ಹಾಗಾಗಿ ಕೈ ಅಲುಗಿದಾಗ ಲೆಕ್ಕ ತಪ್ಪುತ್ತದೆ. ಅಡಿಕೆ ಸುಲಿಯುವವರ ಕೈ ನಿಲ್ಲದೆ ಒಂದೇ ತಾಳದಲ್ಲಿ ಆಡುತ್ತಿರುತ್ತದೆ. ವಾಚು ಒಮ್ಮೊಮ್ಮೆ ಆ ತಾಳವನ್ನೇ ನಾಡಿಯೆಂದು ಎಣಿಸಿಬಿಡುತ್ತದೆ. ನಡೆಯುವಾಗಲೂ ಹಾಗೆ, ಹೆಜ್ಜೆಯ ಲೆಕ್ಕ ನಾಡಿಯ ಲೆಕ್ಕದ ಜಾಗದಲ್ಲಿ ಬಂದು ಕೂರುವುದುಂಟು. ಪಟ್ಟಿ ಸಡಿಲವಿದ್ದರೆ ಇದು ಇನ್ನೂ ಹೆಚ್ಚು. ಮಲಗಿದವನ ಕೈ ಸುಮ್ಮನಿರುವುದರಿಂದ ರಾತ್ರಿಯ ಅಂಕಿಗಳು ಹಗಲಿನವಕ್ಕಿಂತ ನಂಬಿಕೆಗೆ ಯೋಗ್ಯ. ಮಾವನ ಹಾಳೆಯಲ್ಲಿ ನಾನು ಹಗಲಿನದ್ದನ್ನು ಪೂರ್ತಿ ಬಿಟ್ಟದ್ದು ಇದೇ ಕಾರಣಕ್ಕೆ.

ಇನ್ನೊಂದು ಮಿತಿ ಇದಕ್ಕಿಂತ ಸೂಕ್ಷ್ಮ. ಹೃದಯ ನಡುವೆ ಒಂದು ಬಡಿತವನ್ನು ಅವಸರದಲ್ಲಿ ಬಡಿದರೆ, ಅದು ತಳ್ಳಿದ ರಕ್ತ ಕಡಿಮೆಯಿದ್ದು ಮಣಿಕಟ್ಟಿನವರೆಗೆ ಗೊತ್ತಾಗುವಷ್ಟು ಬಾರದೇ ಇರಬಹುದು. ಎದೆಯಲ್ಲಿ ಎರಡು ಬಡಿತ ಆಗಿರುತ್ತದೆ, ಕೈಯಲ್ಲಿ ಒಂದೇ ಎಣಿಕೆ. ಆದ್ದರಿಂದ ಎದೆ ಹಾರಿದಂತಾಯಿತು ಎಂದು ಮನುಷ್ಯ ಹೇಳುವಾಗ ವಾಚು 78 ಎಂದು ತೋರಿಸಿದರೆ, ಸುಳ್ಳು ಹೇಳುತ್ತಿರುವುದು ಮನುಷ್ಯನೇ ಎಂದು ತೀರ್ಮಾನಿಸಬಾರದು.

ನಿದ್ದೆಯ ಲೆಕ್ಕವಂತೂ ಪೂರ್ತಿ ಊಹೆ. ಗಾಢ ನಿದ್ದೆ, ಕನಸಿನ ನಿದ್ದೆ ಎಂಬ ವಿಂಗಡಣೆಯನ್ನು ಆಸ್ಪತ್ರೆಯಲ್ಲಿ ತಲೆಗೆ ತಂತಿ ಅಂಟಿಸಿ, ಮೆದುಳಿನ ಅಲೆ ನೋಡಿ ಮಾಡುತ್ತಾರೆ. ವಾಚಿಗೆ ಮೆದುಳು ಕಾಣುವುದಿಲ್ಲ. ಕೈಯ ಅಲುಗಾಟ ಮತ್ತು ನಾಡಿಯ ಏರಿಳಿತ ನೋಡಿ ಅದು ಅಂದಾಜು ಹಾಕುತ್ತದೆ. ಮಲಗಿದ ಹೊತ್ತು, ಎದ್ದ ಹೊತ್ತನ್ನು ಸುಮಾರಾಗಿ ಸರಿ ಹೇಳುತ್ತದೆ. ಆದರೆ ಅಲುಗದೆ ಎಚ್ಚರವಾಗಿ ಬಿದ್ದುಕೊಂಡವನನ್ನೂ ನಿದ್ದೆಯ ಪಟ್ಟಿಗೆ ಸೇರಿಸುವುದು ಅದರ ಹಳೆಯ ಚಾಳಿ. ಒಂದು ತಾಳಮದ್ದಳೆಯ ರಾತ್ರಿ ಮಾವ 40 ನಿಮಿಷ ನಿದ್ದೆ ಮಾಡಿದನೆಂದು ಫೋನಿನಲ್ಲಿತ್ತು. ಮಾವ ಸಿಟ್ಟಾಗಿ ಆ ಹೊತ್ತಿನ ಸಂವಾದವನ್ನು ಸಾಲು ಸಾಲಾಗಿ ಒಪ್ಪಿಸಿದ. ಇಬ್ಬರಲ್ಲಿ ನಾನು ಮಾವನನ್ನು ನಂಬಿದೆ.

## ಮೊದಲು ವಾಚಿನ ಅಳತೆಯನ್ನು ಸರಿ ಮಾಡಿ

ಮಾವನದ್ದು ಸ್ಯಾಮ್‌ಸಂಗ್ ವಾಚು. ಅದರಲ್ಲಿ ಎದೆಬಡಿತ ಅಳೆಯಲು ಮೂರು ಆಯ್ಕೆಗಳಿವೆ: ಎಡೆಬಿಡದೆ ಅಳೆಯುವುದು, ಸುಮ್ಮನಿದ್ದಾಗ 10 ನಿಮಿಷಕ್ಕೊಮ್ಮೆ ಅಳೆಯುವುದು, ನಾವು ಒತ್ತಿದಾಗ ಮಾತ್ರ ಅಳೆಯುವುದು. ಬ್ಯಾಟರಿ ಉಳಿಯಲಿ ಎಂದು ಭಾವ, ಅಂದರೆ ಮಾವನ ಮಗ, ನಡುವಿನದ್ದನ್ನು ಇಟ್ಟು ಹೋಗಿದ್ದ. ಆ ಆಯ್ಕೆಯಲ್ಲಿ ಐದು ನಿಮಿಷದ ಡವಡವ ಎರಡು ಅಳತೆಗಳ ನಡುವೆ ನುಸುಳಿ ಹೋಗಿಬಿಡುತ್ತದೆ. ನಾಲ್ಕು ವಾರದ ಮಟ್ಟಿಗೆ ಎಡೆಬಿಡದ ಅಳತೆಗೆ ಬದಲಿಸಿದೆವು. ಬ್ಯಾಟರಿ ಬೇಗ ಮುಗಿಯುತ್ತದೆ, ಹಾಗಾಗಿ ಸಂಜೆ ಸ್ನಾನಕ್ಕೆ ಹೋಗುವಾಗ ಚಾರ್ಜಿಗಿಟ್ಟು ಮಲಗುವ ಮೊದಲು ಕಟ್ಟಿಕೊಳ್ಳುವ ಅಭ್ಯಾಸ ಮಾಡಿಸಿದೆವು. ಆದರೂ ಮೂರು ರಾತ್ರಿ ಮರೆತ.

ವಾಚಿನ ಜೊತೆ ಒಂದು ಪುಸ್ತಕ ಮತ್ತು ಪೆನ್ನನ್ನು ತಲೆದೆಸೆಯಲ್ಲಿ ಇಟ್ಟೆವು. ಎಚ್ಚರವಾದರೆ ಗಂಟೆ ಬರೆಯುವುದು, ಏನಾಯಿತೆಂದು ಒಂದು ಸಾಲು ಬರೆಯುವುದು. ಈ ಪುಸ್ತಕವಿಲ್ಲದಿದ್ದರೆ ಮುಂದಿನ ಅಂಕಿಗಳಿಗೆಲ್ಲ ಅರ್ಥ ಕಡಿಮೆ.

## ಫೋನಿನಿಂದ ಹೊರತೆಗೆಯುವುದು

ಸ್ಯಾಮ್‌ಸಂಗ್ ಹೆಲ್ತ್ ಆ್ಯಪಿನ ಸೆಟ್ಟಿಂಗ್ಸ್ ಒಳಗೆ ಕೆಳಗೆ ಹೋದರೆ `Download personal data` ಎಂದಿರುತ್ತದೆ. ಅದನ್ನು ಒತ್ತಿದರೆ ಫೋನಿನ ಡೌನ್‌ಲೋಡ್ ಫೋಲ್ಡರಿನಲ್ಲಿ `Samsung Health` ಎಂಬ ಫೋಲ್ಡರ್ ಹುಟ್ಟುತ್ತದೆ. ಒಳಗೆ ಹತ್ತಾರು ಫೈಲುಗಳು. ಹೆದರಬೇಡಿ, ನಮಗೆ ಬೇಕಾದದ್ದು ಎರಡೇ. ಒಂದರ ಹೆಸರು `com.samsung.shealth.tracker.heart_rate` ಎಂದು ಶುರುವಾಗುತ್ತದೆ, ಇನ್ನೊಂದರದ್ದು `com.samsung.shealth.sleep` ಎಂದು. ಎರಡೂ ಸಿಎಸ್‌ವಿ ಫೈಲು. ಸಿಎಸ್‌ವಿ ಎಂದರೆ ಅಲ್ಪವಿರಾಮ ಹಾಕಿ ಹಾಕಿ ಬರೆದ ಪಟ್ಟಿ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸಿನಲ್ಲಿ ತೆರೆದರೆ ಅಲ್ಪವಿರಾಮ ಇದ್ದಲ್ಲೆಲ್ಲ ಹೊಸ ಕಂಬಸಾಲು ಆಗಿ ಕಾಣುತ್ತದೆ. ನಿದ್ದೆಯ ಹೆಸರಿನವು ಬೇರೆಯೂ ಇರುತ್ತವೆ. `sleep` ಆದ ಕೂಡಲೆ ಚುಕ್ಕಿ ಮತ್ತು ಅಂಕಿಗಳು ಬಂದದ್ದನ್ನು ಆರಿಸಿಕೊಳ್ಳಿ.

ತೆರೆದ ಕೂಡಲೆ ಮೊದಲ ಸಾಲು ವಿಚಿತ್ರವಾಗಿ ಕಾಣುತ್ತದೆ: ಫೈಲಿನ ಹೆಸರು, ಎರಡು ಅಂಕಿ, ಮತ್ತೇನಿಲ್ಲ. ಅದು ಕಂಪನಿಯವರ ಗುರುತು, ಅಳಿಸಿಬಿಡಿ. ಶೀರ್ಷಿಕೆಗಳಿರುವುದು ಎರಡನೆಯ ಸಾಲಿನಲ್ಲಿ. ಎದೆಬಡಿತದ ಫೈಲಿನಲ್ಲಿ ಹೆಸರು `start_time`, `time_offset`, `heart_rate`, `max` ಎಂದು ಮುಗಿಯುವ ನಾಲ್ಕನ್ನು ಇಟ್ಟುಕೊಳ್ಳಿ. ನಿದ್ದೆಯ ಫೈಲಿನಲ್ಲಿ `start_time`, `end_time`, `time_offset`. ಉಳಿದದ್ದೆಲ್ಲ ತೆಗೆದುಹಾಕಿ. ಮೂಲ ಫೈಲನ್ನು ಮುಟ್ಟದೆ ನಕಲಿನಲ್ಲಿ ಕೆಲಸ ಮಾಡುವುದು ಒಳ್ಳೆಯದು.

ಬೇರೆ ವಾಚಿನವರಿಗೆ ದಾರಿ ಬೇರೆ. ಐಫೋನಿನಲ್ಲಿ ಹೆಲ್ತ್ ಆ್ಯಪ್ ತೆರೆದು ನಿಮ್ಮ ಚಿತ್ರ ಒತ್ತಿ ಕೆಳಗೆ ಹೋದರೆ `Export All Health Data` ಸಿಗುತ್ತದೆ, ಆದರೆ ಬರುವುದು `export.xml` ಎಂಬ ದೈತ್ಯ ಫೈಲು, ಎಕ್ಸೆಲ್ಲಿಗೆ ಸುಲಭದಲ್ಲಿ ಜೀರ್ಣವಾಗುವಂಥದ್ದಲ್ಲ. ಫಿಟ್‌ಬಿಟ್ಟಿನದ್ದು ಗೂಗಲ್ ಟೇಕ್‌ಔಟ್ ಮೂಲಕ ಬರುತ್ತದೆ. ಕಡಿಮೆ ಬೆಲೆಯ ಹಲವು ವಾಚುಗಳ ಆ್ಯಪಿನಲ್ಲಿ ಹೊರತೆಗೆಯುವ ದಾರಿಯೇ ಇರುವುದಿಲ್ಲ. ಅಂಥವರು ದಿನಾ ಬೆಳಗ್ಗೆ ಮಲಗಿದ್ದು, ಎದ್ದದ್ದು, ರಾತ್ರಿಯ ಬಡಿತ ಇಷ್ಟನ್ನು ಕೈಯಲ್ಲೇ ಬರೆದರೂ ಎರಡು ವಾರದಲ್ಲಿ ಉಪಯೋಗದ ಹಾಳೆಯಾಗುತ್ತದೆ.

## ಐದೂವರೆ ಗಂಟೆಯ ತಪ್ಪು

ಇಲ್ಲಿ ನಾನು ಎಡವಿದೆ, ಒಂದು ಸಂಜೆ ಪೂರ್ತಿ ಹೆದರಿ ಕೂತೆ. ಎದೆಬಡಿತದ ಪಟ್ಟಿಯಲ್ಲಿ ಜನವರಿ 13ನೇ ತಾರೀಕಿನ 00:30ರ ಸಾಲಿನಲ್ಲಿ ಗರಿಷ್ಠ 118 ಎಂದಿತ್ತು. 14ರಲ್ಲಿ ಏನಿಲ್ಲ, ವಾಚು ಕಟ್ಟಿರಲಿಲ್ಲ. 15, 16, 17ರಲ್ಲಿ ಅದೇ 00:30ಕ್ಕೆ 110ರ ಮೇಲೆ. ದಿನಾ ಮಧ್ಯರಾತ್ರಿ ಮಾವನ ಎದೆ ಹೀಗೆ ಓಡುತ್ತಿದೆಯೇ? ಮಾವನಿಗೆ ಫೋನು ಮಾಡಿ ಹನ್ನೆರಡೂವರೆಗೆ ಎಂತ ಮಾಡ್ತಿ ಎಂದು ಕೇಳಿದರೆ, "ಎಂತ ಮಾಡುದು ಮಾರಾಯ, ಗೊರಕೆ ಹೊಡೀತೇನೆ" ಎಂದ.

ಗುಟ್ಟು `time_offset` ಎಂಬ ಕಂಬಸಾಲಿನಲ್ಲಿತ್ತು. ಅಲ್ಲಿ `UTC+0530` ಎಂದು ಬರೆದಿತ್ತು. ಫೈಲಿನಲ್ಲಿ ಗಂಟೆ ಬರೆಯುವುದು ನಮ್ಮ ಗಡಿಯಾರದ ಪ್ರಕಾರ ಅಲ್ಲ, ಇಡೀ ಜಗತ್ತಿಗೆ ಒಂದೇ ಎಂದು ಇಟ್ಟುಕೊಂಡ ಯುಟಿಸಿ ಸಮಯದ ಪ್ರಕಾರ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಫೋನಿನ ಪರದೆ ಈ ಐದೂವರೆಯನ್ನು ಕೂಡಿಸಿಯೇ ತೋರಿಸುತ್ತದೆ, ಫೈಲಿನಲ್ಲಿ ಕೂಡಿಸುವ ಕೆಲಸ ನಮ್ಮದು. 00:30ಕ್ಕೆ ಐದೂವರೆ ಸೇರಿಸಿದರೆ ಬೆಳಗ್ಗೆ 6. ಮಾವ ಎದ್ದು ಮುಖ ತೊಳೆದು, ಪಂಪು ಹಾಕಲು ತೋಟದ ಮೆಟ್ಟಿಲಿಳಿದು ಹತ್ತುವ ಹೊತ್ತು. 118 ಆಗದಿದ್ದರೆ ಆಶ್ಚರ್ಯ.

ಇದೇ ತಪ್ಪು ಇನ್ನೊಂದು ಕಡೆಯಿಂದ ನಿಜವಾದದ್ದನ್ನು ಮುಚ್ಚಿಡುತ್ತದೆ. ಜನವರಿ 12ನೇ ತಾರೀಕಿನ 20:30ರ ಸಾಲಿನಲ್ಲಿ 116 ಇತ್ತು. ರಾತ್ರಿ ಎಂಟೂವರೆ, ಊಟದ ಹೊತ್ತು, ಇರಲಿ ಎಂದು ದಾಟಿ ಹೋಗಿದ್ದೆ. ಸರಿಪಡಿಸಿದ ಮೇಲೆ ಅದು 13ನೇ ತಾರೀಕಿನ ರಾತ್ರಿ 2ರಿಂದ 3ರ ಸಾಲಾಯಿತು. ತಲೆದೆಸೆಯ ಪುಸ್ತಕದಲ್ಲಿ ಮಾವನ ಅಕ್ಷರ: "2.40 ಡವಡವ. ಹತ್ತು ನಿಮಿಷ. ಬೆವರಿಲ್ಲ."

ಸರಿಪಡಿಸುವ ಸೂತ್ರ ಸಣ್ಣದು. ಎದೆಬಡಿತದ ಹಾಳೆಗೆ `Heart`, ನಿದ್ದೆಯ ಹಾಳೆಗೆ `Sleep` ಎಂದು ಹೆಸರಿಡಿ. ಶೀರ್ಷಿಕೆ ಒಂದನೇ ಸಾಲಿನಲ್ಲಿ, ಲೆಕ್ಕ ಎರಡನೇ ಸಾಲಿನಿಂದ. `Heart` ಹಾಳೆಯಲ್ಲಿ A ಕಂಬದಲ್ಲಿ ಸಮಯ, Bಯಲ್ಲಿ ಬಡಿತ, Cಯಲ್ಲಿ ಗರಿಷ್ಠ ಇಟ್ಟುಕೊಂಡು D2ರಲ್ಲಿ ಹೀಗೆ ಬರೆದು ಕೆಳಗಿನವರೆಗೆ ಎಳೆಯಿರಿ (`time_offset` ಕಂಬವನ್ನು ಪಕ್ಕದ Eಗೆ ಸರಿಸಿ):

```
=A2+TIME(5,30,0)
```

ಇಲ್ಲಿ ಎರಡು ಕಿರಿಕಿರಿ ಎದುರಾಗಬಹುದು. ಎಕ್ಸೆಲ್ ತಾರೀಕಿನ ಬದಲು `30:00.0` ಎಂಬಂತೆ ಬರೀ ನಿಮಿಷ, ಸೆಕೆಂಡು ತೋರಿಸಬಹುದು. ಫೈಲಿನಲ್ಲಿ ಸೆಕೆಂಡಿನ ಭಾಗವೂ ಇರುವುದರಿಂದ ಹೀಗಾಗುತ್ತದೆ, ಲೆಕ್ಕ ಕಳೆದುಹೋಗಿಲ್ಲ. ಆ ಕಂಬದ ನಮೂನೆಯನ್ನು `dd-mmm hh:mm` ಎಂದು ಬದಲಿಸಿದರೆ ಪೂರ್ತಿ ಕಾಣುತ್ತದೆ. ತಿಂಗಳನ್ನು ಅಕ್ಷರದಲ್ಲಿ ತೋರಿಸುವುದರಲ್ಲಿ ಇನ್ನೊಂದು ಲಾಭವಿದೆ, 02/01 ಎಂದರೆ ಜನವರಿಯೋ ಫೆಬ್ರವರಿಯೋ ಎಂಬ ಗೊಂದಲ ಇರುವುದಿಲ್ಲ. ಎರಡನೆಯ ಕಿರಿಕಿರಿ, ಸಮಯ ಕೋಣೆಯ ಎಡಬದಿಗೆ ಅಂಟಿ ನಿಂತು ಸೂತ್ರ ತಪ್ಪೆಂದು ಬರುವುದು. ಎಡಕ್ಕೆ ನಿಂತದ್ದನ್ನು ಎಕ್ಸೆಲ್ ಅಕ್ಷರ ಎಂದು ತಿಳಿದಿದೆ, ಬಲಕ್ಕೆ ನಿಂತದ್ದನ್ನು ಸಮಯ ಎಂದು. ಅಕ್ಷರವಾಗಿದ್ದರೆ ಈ ಸೂತ್ರ:

```
=DATEVALUE(LEFT(A2,10))+TIMEVALUE(MID(A2,12,8))+TIME(5,30,0)
```

`time_offset` ಕಂಬವನ್ನು ಪೂರ್ತಿ ಒಮ್ಮೆ ಮೇಲಿಂದ ಕೆಳಕ್ಕೆ ನೋಡಿ. ನಮ್ಮ ಫೈಲಿನ ಮೊದಲ ನೂರಾರು ಸಾಲುಗಳಲ್ಲಿ `UTC+0400` ಎಂದಿತ್ತು. ಅದು ಶಾರ್ಜಾದ ಸಮಯ. ಫೋನು, ವಾಚು ಎರಡೂ ಭಾವ ಅಲ್ಲಿ ಬಳಸಿ ಬಿಟ್ಟದ್ದು, ಖಾತೆಯೂ ಅವನದ್ದೇ ಮುಂದುವರಿದಿತ್ತು. ಅಂದರೆ ಆ ಸಾಲುಗಳಲ್ಲಿ ಬಡಿಯುತ್ತಿದ್ದುದು 30ರ ಹರೆಯದ ಮಗನ ಹೃದಯ. ಅಪ್ಪನ ಮೊದಲಿನ ಬಡಿತ ಎಷ್ಟು ಚಂದ ಇತ್ತು, ಈಗ ಕೆಟ್ಟಿದೆ ಎಂದು ಗೆರೆ ಎಳೆದು ತೋರಿಸುವ ಮೊದಲು ಇದು ಕಣ್ಣಿಗೆ ಬಿದ್ದದ್ದು ಪುಣ್ಯ. ವಾಚು ಕೈ ಬದಲಿಸಿದ ಮನೆಗಳಲ್ಲಿ ತಾರೀಕು ನೋಡಿ ಹಳೆಯದನ್ನು ತೆಗೆದುಹಾಕಲೇಬೇಕು.

## ರಾತ್ರಿಗೊಂದು ಸಾಲು

ಈಗ `Sleep` ಹಾಳೆ. Aಯಲ್ಲಿ ಮಲಗಿದ ಸಮಯ, Bಯಲ್ಲಿ ಎದ್ದ ಸಮಯ. ಮೇಲಿನ ಸೂತ್ರವನ್ನೇ ಹಾಕಿ Cಯಲ್ಲಿ ನಮ್ಮ ಸಮಯದ ಪ್ರಕಾರ ಮಲಗಿದ್ದು, Dಯಲ್ಲಿ ಎದ್ದದ್ದು ಬರುವಂತೆ ಮಾಡಿ. ಮಧ್ಯಾಹ್ನ ಊಟದ ಮೇಲೆ ಮಲಗಿದ್ದೂ ಇಲ್ಲಿ ಬೇರೆ ಸಾಲಾಗಿ ಬಂದಿರುತ್ತದೆ; ಅವನ್ನು ತೆಗೆದಿಡಿ. ರಾತ್ರಿ ಬಹಳ ಹೊತ್ತು ಎದ್ದು ಕೂತಿದ್ದರೆ ಒಂದೇ ರಾತ್ರಿ ಎರಡು ಸಾಲಾಗಿ ಒಡೆದಿರಬಹುದು. ಅವನ್ನು ಸೇರಿಸಿ, ನಡುವೆ ಎದ್ದದ್ದನ್ನು ಟಿಪ್ಪಣಿಯಲ್ಲಿ ಬರೆಯಿರಿ. ಯಾವ ತಾರೀಕಿಗೆ ಸೇರಿಸುವುದು ಎಂಬ ಗೊಂದಲಕ್ಕೆ ಒಂದೇ ನಿಯಮ ಸಾಕು: ಎದ್ದ ಬೆಳಗಿನ ತಾರೀಕು.

ಇನ್ನು ಪ್ರತಿ ರಾತ್ರಿಗೂ ಆ ನಿದ್ದೆಯೊಳಗಿನ ಬಡಿತದ ಸರಾಸರಿ ಮತ್ತು ಗರಿಷ್ಠ ಬೇಕು. ಎರಡು ಹಾಳೆಗಳನ್ನು ಬೆಸೆಯುವ ಸೂತ್ರ ಇದು, ಮೊದಲನೆಯದು ಸರಾಸರಿಗೆ, ಎರಡನೆಯದು ಗರಿಷ್ಠಕ್ಕೆ:

```
=AVERAGEIFS(Heart!B:B,Heart!D:D,">="&C2,Heart!D:D,"<="&(D2-1/24))
=MAXIFS(Heart!C:C,Heart!D:D,">="&C2,Heart!D:D,"<="&(D2-1/24))
```

ಕನ್ನಡದಲ್ಲಿ ಹೇಳುವುದಾದರೆ, `Heart` ಹಾಳೆಯಲ್ಲಿ ಮಾವ ಮಲಗಿದ ನಂತರ ಶುರುವಾದ, ಏಳುವುದಕ್ಕೆ ಒಂದು ಗಂಟೆ ಮೊದಲೇ ಶುರುವಾದ ಸಾಲುಗಳನ್ನು ಮಾತ್ರ ತೆಗೆದುಕೋ. ಒಂದು ಗಂಟೆ ಬಿಟ್ಟದ್ದು ಯಾಕೆ? ಎಡೆಬಿಡದೆ ಅಳೆಯುವಾಗ ಈ ಫೈಲಿನಲ್ಲಿ ಒಂದೊಂದು ಸಾಲು ಸುಮಾರು ಒಂದೊಂದು ಗಂಟೆಯನ್ನು ಹೊತ್ತಿರುತ್ತದೆ (ನಿಮಿಷ ನಿಮಿಷದ ಲೆಕ್ಕ `jsons` ಎಂಬ ಬೇರೆ ಫೋಲ್ಡರಿನಲ್ಲಿರುತ್ತದೆ, ಅದು ಈಗ ಬೇಡ). 13ರಂದು ಮಾವ ಎದ್ದದ್ದು 6:10ಕ್ಕೆ. 6 ಗಂಟೆಗೆ ಶುರುವಾದ ಸಾಲಿನಲ್ಲಿ ಹಾಸಿಗೆಯ ಹತ್ತು ನಿಮಿಷವೂ ತೋಟದ ಮೆಟ್ಟಿಲಿನ ಐವತ್ತು ನಿಮಿಷವೂ ಸೇರಿಹೋಗಿದೆ. ಆ ಸಾಲನ್ನು ಬಿಡದಿದ್ದರೆ ನಿದ್ದೆಯ ಗರಿಷ್ಠ 118 ಎಂದು ಬಂದು, 2:40ರ ನಿಜವಾದ 116 ಅದರಡಿ ಮುಚ್ಚಿಹೋಗುತ್ತದೆ. ಮೊದಲ ಸಲ ನನಗೆ ಹಾಗೇ ಬಂದಿತ್ತು. ಎಲ್ಲ ರಾತ್ರಿಯ ಗರಿಷ್ಠವೂ ನೂರರ ಮೇಲಿದ್ದರೆ, ಸೂತ್ರ ಬೆಳಗನ್ನು ನುಂಗಿದೆ ಎಂದೇ ಲೆಕ್ಕ.

`MAXIFS` ಹಳೆಯ ಎಕ್ಸೆಲ್ಲಿನಲ್ಲಿಲ್ಲ, 2019ರ ಆವೃತ್ತಿಯಿಂದ ಈಚೆಗೆ ಉಂಟು. ಹಳತಿದ್ದರೆ ಗೂಗಲ್ ಶೀಟ್ಸಿನಲ್ಲಿ ಮಾಡಬಹುದು.

ವಾಚು ಕಟ್ಟದ ರಾತ್ರಿಯ ಕೋಣೆಯನ್ನು ಖಾಲಿ ಬಿಡಿ, 0 ಹಾಕಬೇಡಿ. ಒಂದು ಸೊನ್ನೆ ತಿಂಗಳ ಸರಾಸರಿಯನ್ನೇ ಕೆಳಕ್ಕೆ ಎಳೆಯುತ್ತದೆ. ಮಲಗಿದ ಗಂಟೆಯ ಸರಾಸರಿಯನ್ನಂತೂ ತೆಗೆಯಲೇಬೇಡಿ. ಒಂದು ದಿನ ರಾತ್ರಿ 11:30, ಇನ್ನೊಂದು ದಿನ 12:30ಕ್ಕೆ ಮಲಗಿದರೆ, ಬರೀ ಗಂಟೆಗಳನ್ನು ಕೊಟ್ಟಾಗ ಎಕ್ಸೆಲ್ಲಿಗೆ ಒಂದು 23:30, ಇನ್ನೊಂದು 00:30. ಎರಡರ ನಡುವಿನದ್ದು ಮಧ್ಯಾಹ್ನ 12 ಎಂದು ಅದು ನಿರ್ವಿಕಾರವಾಗಿ ಹೇಳುತ್ತದೆ. "10:15ರಿಂದ 11:50ರ ನಡುವೆ ಮಲಗುತ್ತಾರೆ" ಎಂದು ಬರೆದರೆ ಸಾಕು.

ಕೊನೆಗೆ ಮಾವನ ಹಾಳೆಯ ನಾಲ್ಕು ಸಾಲು ಹೀಗಿತ್ತು:

| ಎದ್ದ ದಿನ | ಮಲಗಿದ್ದು | ಎದ್ದದ್ದು | ಸರಾಸರಿ ಬಡಿತ | ಗರಿಷ್ಠ | ಟಿಪ್ಪಣಿ |
|---|---|---|---|---|---|
| 12 ಜನವರಿ | 10:20 | 6:05 | 61 | 74 | |
| 13 ಜನವರಿ | 10:35 | 6:10 | 63 | 116 | 2:40ಕ್ಕೆ ಡವಡವ, 10 ನಿಮಿಷ, ಬೆವರಿಲ್ಲ |
| 14 ಜನವರಿ | | | | | ವಾಚು ಕಟ್ಟಿಲ್ಲ |
| 15 ಜನವರಿ | 11:50 | 6:00 | 68 | 82 | ತಾಳಮದ್ದಳೆ, ತಡವಾಗಿ ಊಟ |

ಇಲ್ಲಿ 61, 63 ಎಂಬುದನ್ನು ನೋಡಿ ಗಾಬರಿಯಾಗಬೇಕಿಲ್ಲ. ದೊಡ್ಡವರಲ್ಲಿ ವಿಶ್ರಾಂತಿಯ ಬಡಿತ 60ರಿಂದ 100 ಎಂಬುದು ಎಚ್ಚರದಲ್ಲಿರುವಾಗಿನ ಮಾತು. ನಿದ್ದೆಯಲ್ಲಿ ಅದಕ್ಕಿಂತ ಇಳಿಯುವುದು ಸಹಜ, ಮೈಮುರಿದು ದುಡಿಯುವವರಲ್ಲಿ 50ರ ಕೆಳಗೂ ಹೋಗುತ್ತದೆ. ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಇಳಿಯುತ್ತದೆ. ಆದ್ದರಿಂದಲೇ ಮಾತ್ರೆಯ ಹೆಸರು ಹಾಳೆಯಲ್ಲಿಲ್ಲದಿದ್ದರೆ ಈ ಅಂಕಿಗಳನ್ನು ಡಾಕ್ಟರು ಸರಿಯಾಗಿ ಓದಲಾರರು.

## ಹಾಳೆಯಲ್ಲಿ ಏನು, ಏನು ಬೇಡ

ನಮ್ಮ ಹಾಳೆಯ ತಲೆಯಲ್ಲಿ ಹೆಸರು, ಪ್ರಾಯ, ತೆಗೆದುಕೊಳ್ಳುವ ಮಾತ್ರೆಗಳು, ಯಾವ ತಾರೀಕಿನಿಂದ, ಯಾವ ಹೊತ್ತಿಗೆ ಎಂದು ಬರೆದೆವು. ನಡುವೆ ಮಾತ್ರೆ ಬದಲಾಗಿದ್ದರೆ ಆ ದಿನದ ಸಾಲಿನಲ್ಲೂ ಅದು ಬರಬೇಕು. ಅದರ ಕೆಳಗೆ ಬಂದ ಕಾರಣ ಒಂದೇ ವಾಕ್ಯದಲ್ಲಿ: "28 ರಾತ್ರಿಗಳಲ್ಲಿ 4 ಸಲ ನಡುರಾತ್ರಿ ಎದೆ ಡವಡವ, 3 ಸಲ ವಾಚಿನಲ್ಲೂ 110ರ ಮೇಲೆ ಕಂಡಿದೆ, 1 ಸಲ ಕಂಡಿಲ್ಲ." ಆ ಕಾಣದ ಒಂದನ್ನು ಬಿಟ್ಟುಬಿಡೋಣ, ವಾಚಿನಲ್ಲಿ ಇಲ್ಲವಲ್ಲ ಎಂದು ಮಾವನೇ ಹೇಳಿದ್ದ. ನಾಡಿ ಮತ್ತು ಹೃದಯದ ಎಣಿಕೆ ಬೇರೆಯಾಗುವ ಬಗ್ಗೆ ಮೇಲೆ ಹೇಳಿದ ಕಾರಣಕ್ಕೆ ಅದನ್ನು ಉಳಿಸಿದೆವು. ವಾಚಿನ ಮಾದರಿ, ಯಾವ ಕೈಗೆ ಕಟ್ಟಿದ್ದು, 3 ರಾತ್ರಿ ಕಟ್ಟಿರಲಿಲ್ಲ ಎಂಬುದಕ್ಕೆ ಇನ್ನೊಂದು ಸಾಲು.

ನಂತರ 28 ಸಾಲಿನ ಪಟ್ಟಿ. ಅದರ ಬದಿಗೆ ಸರಾಸರಿ ಬಡಿತದ ಒಂದೇ ಒಂದು ಗೆರೆಚಿತ್ರ. ಎರಡು ಗೆರೆ ಹಾಕಿದರೆ ಕಪ್ಪು ಬಿಳುಪು ಪ್ರಿಂಟಿನಲ್ಲಿ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ನಿದ್ದೆಯ ಅಂಕ ನೂರಕ್ಕೆ ಇಷ್ಟು, ಗಾಢ ನಿದ್ದೆ ಇಷ್ಟು ನಿಮಿಷ, ಒತ್ತಡದ ಅಂಕ, ಹೆಜ್ಜೆ, ಕ್ಯಾಲೊರಿ ಇವೆಲ್ಲ ಬಿಟ್ಟೆವು. ಅಂಕಗಳನ್ನು ಒಂದೊಂದು ಕಂಪನಿ ತನ್ನದೇ ಲೆಕ್ಕದಲ್ಲಿ ಕೊಡುತ್ತದೆ, ಡಾಕ್ಟರಿಗೆ ಅದನ್ನು ಯಾವುದಕ್ಕೂ ಹೋಲಿಸಲು ಬರುವುದಿಲ್ಲ. ಗೂಗಲ್ ನೋಡಿ ನಾವೇ ಕಂಡುಕೊಂಡ ರೋಗದ ಹೆಸರನ್ನೂ ಬರೆಯಲಿಲ್ಲ, ಭಾವ ಶಾರ್ಜಾದಿಂದ ಎರಡು ಹೆಸರು ಕಳಿಸಿದ್ದರೂ.

ವಾಚಿನಲ್ಲಿ ಇಸಿಜಿ ಸೌಲಭ್ಯ ಇದ್ದವರು ಎದೆ ಹಾರುವಾಗಲೇ ಕೂತು ಅದನ್ನು ತೆಗೆದರೆ, ಆ ಪಿಡಿಎಫ್ ಹಾಳೆ ಉಳಿದ ಎಲ್ಲ ಪಟ್ಟಿಗಿಂತ ಬೆಲೆಯುಳ್ಳದ್ದು. ಅದು ಸುಮಾರು 30 ಸೆಕೆಂಡಿನ ಒಂದೇ ಗೆರೆ, ಆಸ್ಪತ್ರೆಯ 12 ಗೆರೆಗಳ ಇಸಿಜಿಗೆ ಸಮ ಅಲ್ಲ, ಹೃದಯಾಘಾತವನ್ನು ಹೇಳುವುದೂ ಇಲ್ಲ. ಆದರೆ ಬಡಿತದ ಲಯ ತಪ್ಪಿದ್ದರೆ ಆ ಗೆರೆಯಲ್ಲಿ ಡಾಕ್ಟರಿಗೆ ಕಾಣುತ್ತದೆ. ನಿಮಿಷಕ್ಕೆ 116 ಎಂಬ ಅಂಕಿ ವೇಗವನ್ನು ಹೇಳುತ್ತದೆ, ಲಯವನ್ನು ಹೇಳುವುದಿಲ್ಲ. ಮಾವನ ವಾಚಿನಲ್ಲಿ ಅದು ಇರಲಿಲ್ಲ.

ಪ್ರಿಂಟಿಗೆ ಅಕ್ಷಯ ಕೇಂದ್ರಕ್ಕೋ ಝೆರಾಕ್ಸ್ ಅಂಗಡಿಗೋ ಹೋಗುವವರು ಒಂದು ಪುಟದ ಪಿಡಿಎಫ್ ಮಾತ್ರ ಒಯ್ಯಿರಿ. ಇಡೀ ಫೋಲ್ಡರನ್ನು ವಾಟ್ಸಾಪಿನಲ್ಲಿ ಕಳಿಸಿದರೆ ತಿಂಗಳುಗಟ್ಟಲೆ ನೀವು ಯಾವಾಗ ಮಲಗಿದ್ದಿರಿ, ಯಾವಾಗ ಎದ್ದಿರಿ ಎಂಬುದೆಲ್ಲ ಬೇರೆಯವರ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಶೀರ್ಷಿಕೆಗಳನ್ನು ನಾವು ಕನ್ನಡದಲ್ಲೂ ಕೆಳಗೆ ಇಂಗ್ಲಿಷಿನಲ್ಲೂ ಹಾಕಿದೆವು. ಇವತ್ತು ಮಂಗಳೂರು, ನಾಳೆ ಕಾಸರಗೋಡಿನಲ್ಲಿ ಮಲಯಾಳಿ ಡಾಕ್ಟರಿಗೆ ತೋರಿಸಬೇಕಾಗಿ ಬಂದರೂ ನಡೆಯಬೇಕಲ್ಲ.

## ಅತ್ತೆಯ ಸಾಲು

ಹಾಳೆಯ ಕೊನೆಯಲ್ಲಿ ಅತ್ತೆ ಹೇಳಿದ್ದನ್ನು ಎರಡು ಸಾಲು ಸೇರಿಸಿದ್ದೆ. ಗೊರಕೆ ಜೋರಾಗಿರ್ತದೆ, ನಡುವೆ ಒಮ್ಮೆಲೆ ನಿಲ್ತದೆ, ಉಸಿರೇ ಇಲ್ಲದ ಹಾಗೆ ಆಗಿ ಮತ್ತೆ ಬುಸ್ಸೆಂದು ಎಳೀತಾರೆ, ಎಂದು. ವಾಚಿನಿಂದ ಬಂದದ್ದಲ್ಲವಾದ್ದರಿಂದ ಸೇರಿಸುವುದೋ ಬೇಡವೋ ಎಂದು ಅನುಮಾನವಿತ್ತು.

ಫೆಬ್ರವರಿಯ ಭೇಟಿಯಲ್ಲಿ ಡಾಕ್ಟರು ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. 110 ದಾಟಿದ ಮೂರು ಸಾಲುಗಳ ಪಕ್ಕ ಪೆನ್ನಿನಲ್ಲಿ ಗೀಟು ಹಾಕಿದರು, ಮೂರೂ ಎರಡರಿಂದ ಮೂರೂವರೆಯ ನಡುವೆ. ಎದೆಗೆ ತಂತಿ ಅಂಟಿಸಿ ಎಡೆಬಿಡದೆ ಇಸಿಜಿ ದಾಖಲಿಸುವ ಹೋಲ್ಟರ್ ಪರೀಕ್ಷೆಗೆ ಬರೆದರು. ಆಮೇಲೆ ಅತ್ತೆಯ ಸಾಲಿಗೆ ಬಂದು, ಅದರ ಸುತ್ತ ಎರಡು ಸಲ ವೃತ್ತ ಹಾಕಿ, ನಿದ್ದೆಯಲ್ಲಿ ಉಸಿರು ನಿಲ್ಲುವುದು ಎದೆಬಡಿತಕ್ಕೂ ಕಾರಣವಾಗಬಹುದು ಎಂದು ನಿದ್ದೆಯ ಪರೀಕ್ಷೆಯನ್ನೂ ಸೇರಿಸಿದರು.

"ಇದನ್ನು ಹೇಳಿದವರು ಯಾರು?"

"ನನ್ನ ಹೆಂಡತಿ. ಹೊರಗೆ ಕೂತಿದ್ದಾಳೆ" ಅಂದ ಮಾವ.

"ಒಳಗೆ ಕರೀರಿ" ಎಂದರು ಡಾಕ್ಟರು.